ಬಿಲ್ಲಿನಲ್ಲಿ ತೆರಿಗೆ ದರ ತಪ್ಪಿತೇ, ಜಿಎಸ್‌ಟಿ ನಂಬರ್ ಅದಲುಬದಲಾಯಿತೇ? ಮಾರುವವರು ಸರಿಪಡಿಸುವುದು ಹೀಗೆ

2025ರ ಸೆಪ್ಟೆಂಬರ್ 22ರಿಂದ ಪಾತ್ರೆ ಪಗಡೆಯ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ದರ ಇಳಿದರೂ ಅಂಗಡಿಯ ಸಾಫ್ಟ್‌ವೇರ್‌ನಲ್ಲಿ ಯಾರಾದರೂ ಅದನ್ನು ಬದಲಿಸಬೇಕು ತಾನೇ? ಅಲ್ಲೇ ಎಡವಟ್ಟಾಗುವುದು.

ಹುಬ್ಬಳ್ಳಿಯ ಒಬ್ಬ ಸ್ಟೀಲ್ ಪಾತ್ರೆ ಸಗಟು ವ್ಯಾಪಾರಿ ಎಂದಿಟ್ಟುಕೊಳ್ಳಿ. ನವೆಂಬರ್ 8ರಂದು ಗದಗದ ಅಂಗಡಿಗೆ ಒಂದು ಲಕ್ಷ ರೂಪಾಯಿಯ ಮಾಲು ಕಳಿಸಿದರು. ಬಿಲ್ಲಿನಲ್ಲಿ ಹಳೆಯ ಶೇ 12 ಬಿತ್ತು. ಅದೇ ವಾರ ಇನ್ನೊಂದು ಬಿಲ್ಲಿನಲ್ಲಿ ದರ ಸರಿಯಿತ್ತು, ಆದರೆ ಪಾರ್ಟಿ ತಪ್ಪಿತ್ತು. ಒಂದೇ ಹೆಸರಿನ ಇಬ್ಬರು ಗಿರಾಕಿಗಳ ಪೈಕಿ ಮಾಲು ತೆಗೆದುಕೊಂಡವರನ್ನು ಬಿಟ್ಟು ಇನ್ನೊಬ್ಬರ ಜಿಎಸ್‌ಟಿ ನಂಬರ್ ಕೂತಿತ್ತು. ಎರಡೂ ತಪ್ಪೇ, ಆದರೆ ಇವೆರಡರ ಮದ್ದು ಬೇರೆ ಬೇರೆ. ದರ ತಪ್ಪಿದರೆ ಕ್ರೆಡಿಟ್ ಅಥವಾ ಡೆಬಿಟ್ ನೋಟ್, ನಂಬರ್ ತಪ್ಪಿದರೆ ರಿಟರ್ನ್‌ನಲ್ಲಿ ತಿದ್ದುಪಡಿ. ಇದನ್ನು ಅದಲುಬದಲು ಮಾಡಿಕೊಂಡವರೇ ಜಾಸ್ತಿ ಒದ್ದಾಡುವುದು.

ಮೊದಲು ನೋಡಬೇಕಾದ್ದು: ರಿಟರ್ನ್ ಹೋಗಿದೆಯೇ?

ಆ ತಿಂಗಳ ಜಿಎಸ್‌ಟಿಆರ್-1 ಇನ್ನೂ ಸಲ್ಲಿಸಿಲ್ಲದಿದ್ದರೆ ಕೆಲಸ ಸುಲಭ. ಹಳೆಯ ಬಿಲ್ ರದ್ದು ಮಾಡಿ, ಹೊಸ ನಂಬರಿನಲ್ಲಿ ಸರಿಯಾದ ಬಿಲ್ ಕೊಡಿ. ಪಾರ್ಟಿಯ ಕೈಲಿರುವ ಹಳೆಯ ಪ್ರತಿ ವಾಪಸ್ ತರಿಸಿಕೊಳ್ಳಿ.

ಇ-ಇನ್‌ವಾಯ್ಸ್ ಮಾಡುವವರಿಗೆ, ಅಂದರೆ ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ, ಇಷ್ಟು ಸಲೀಸಲ್ಲ. ಪ್ರತಿ ಇ-ಇನ್‌ವಾಯ್ಸ್‌ಗೆ ಸಿಗುವ ನೋಂದಣಿ ಸಂಖ್ಯೆ, ಅಂದರೆ ಐಆರ್‌ಎನ್, ಹುಟ್ಟಿದ 24 ಗಂಟೆಯೊಳಗೆ ಮಾತ್ರ ಅದನ್ನು ರದ್ದು ಮಾಡಬಹುದು. ಅದಕ್ಕೆ ಇ-ವೇ ಬಿಲ್ ಅಂಟಿಕೊಂಡಿದ್ದರೆ ಮೊದಲು ಅದನ್ನು ರದ್ದು ಮಾಡಬೇಕು. ರದ್ದಾದ ಬಿಲ್ ನಂಬರನ್ನು ಮತ್ತೆ ಬಳಸಲು ಬಿಡುವುದಿಲ್ಲ. 24 ಗಂಟೆ ಮೀರಿದ್ದರೆ ಸಾಮಾನ್ಯವಾಗಿ ಹಳೆಯ ಬಿಲ್ಲಿಗೆ ಪೂರ್ತಿ ಕ್ರೆಡಿಟ್ ನೋಟ್ ಹಾಕಿ, ಹೊಸ ಬಿಲ್ ಮಾಡುತ್ತಾರೆ.

ದರ ತಪ್ಪಿದಾಗ

ನಮ್ಮ ವ್ಯಾಪಾರಿಯ ವಿಷಯಕ್ಕೆ ಬರೋಣ. ಅವರಿಗೆ ಇ-ಇನ್‌ವಾಯ್ಸ್ ಇಲ್ಲ. ಡಿಸೆಂಬರ್ 11ರೊಳಗೆ ನವೆಂಬರ್‌ನ ಜಿಎಸ್‌ಟಿಆರ್-1 ಸಲ್ಲಿಸಿಯೂ ಆಗಿದೆ. ಬಿಲ್ಲಿನಲ್ಲಿ ಸಿಜಿಎಸ್‌ಟಿ 6,000, ಎಸ್‌ಜಿಎಸ್‌ಟಿ 6,000, ಒಟ್ಟು 1,12,000 ರೂಪಾಯಿ. ಆಗಬೇಕಿದ್ದದ್ದು ತಲಾ 2,500 ತೆರಿಗೆ, ಒಟ್ಟು 1,05,000. ಅಂದರೆ 7,000 ರೂಪಾಯಿ ಹೆಚ್ಚು ವಸೂಲಾಗಿದೆ.

‘ಸುಮ್ನೆ ಶೇ 5 ಕಟ್ಟಿಬಿಟ್ಟರಾಯ್ತು’ ಎಂದು ಕೆಲವರು ಯೋಚಿಸುತ್ತಾರೆ. ಹಾಗೆ ಮಾಡುವಂತಿಲ್ಲ. ತೆರಿಗೆ ಎಂದು ಗಿರಾಕಿಯಿಂದ ಪಡೆದ ಹಣ, ದರ ತಪ್ಪಿದ್ದರೂ, ಸರ್ಕಾರಕ್ಕೇ ಹೋಗಬೇಕು. ಅದನ್ನು ಇಳಿಸಲು ಇರುವ ದಾರಿ ಸಿಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರದ ಕ್ರೆಡಿಟ್ ನೋಟ್.

ಇಲ್ಲಿ ಮಾಲಿನ ಬೆಲೆ ಬದಲಾಗಿಲ್ಲ, ತೆರಿಗೆ ಮಾತ್ರ ಬದಲಾಗಿದೆ. ಹಾಗಾಗಿ ಕ್ರೆಡಿಟ್ ನೋಟ್‌ನಲ್ಲಿ ಮೂಲ ಬಿಲ್ಲಿನ ನಂಬರ್, ತಾರೀಖು ಹಾಕಿ, ಸಿಜಿಎಸ್‌ಟಿ 3,500 ಮತ್ತು ಎಸ್‌ಜಿಎಸ್‌ಟಿ 3,500 ತೋರಿಸಬೇಕು. ನೋಟ್ ಕೊಟ್ಟ ತಿಂಗಳ ಜಿಎಸ್‌ಟಿಆರ್-1ರಲ್ಲಿ `9B - Credit / Debit Notes (Registered)` ಎಂಬಲ್ಲಿ ಅದನ್ನು ತುಂಬಿಸಿ. ಬರೀ ದರದ ವ್ಯತ್ಯಾಸವಾದರೆ ಮೌಲ್ಯದ ಜಾಗದಲ್ಲಿ ಸೊನ್ನೆ, ತೆರಿಗೆಯ ಜಾಗದಲ್ಲಿ ವ್ಯತ್ಯಾಸದ ಮೊತ್ತ. ಅಲ್ಲಿ ಒಂದು ಲಕ್ಷ ಎಂದು ಬರೆದರೆ ಮಾಲೇ ವಾಪಸ್ ಬಂದಂತಾಗಿ, ಮಾರಾಟದ ಲೆಕ್ಕ ಕೆಡುತ್ತದೆ.

ಇಲ್ಲಿಗೆ ಮುಗಿಯಲಿಲ್ಲ. ಗದಗದ ಅಂಗಡಿಯವರು ಅಷ್ಟರಲ್ಲಿ 12,000 ರೂಪಾಯಿ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿರುತ್ತಾರೆ. ಅದರಲ್ಲಿ 7,000 ಅವರು ವಾಪಸ್ ಮಾಡಿದರೆ ಮಾತ್ರ ನಮ್ಮ ವ್ಯಾಪಾರಿಯ ತೆರಿಗೆ ಇಳಿಯುತ್ತದೆ. 2025ರ ಹಣಕಾಸು ಕಾಯ್ದೆ ಇದನ್ನು ಕಾನೂನಿನಲ್ಲೇ ಬರೆದಿದೆ. ಕ್ರೆಡಿಟ್ ನೋಟ್ ಅವರ ಪೋರ್ಟಲ್‌ನ ಐಎಂಎಸ್ ಪುಟದಲ್ಲಿ, ಅಂದರೆ ಮಾರಿದವರು ಹಾಕಿದ ಬಿಲ್, ನೋಟ್‌ಗಳನ್ನು ಒಪ್ಪುವ ಅಥವಾ ತಿರಸ್ಕರಿಸುವ ಜಾಗದಲ್ಲಿ, ಕಾಣಿಸುತ್ತದೆ. ಅವರು ಗೊತ್ತಿಲ್ಲದೆ ‘ರಿಜೆಕ್ಟ್’ ಒತ್ತಿದರೆ, ಆ 7,000 ಮುಂದಿನ ತಿಂಗಳ ಜಿಎಸ್‌ಟಿಆರ್-3ಬಿಯಲ್ಲಿ ಮಾರಿದವರ ತಲೆಗೇ ವಾಪಸ್ ಬರುತ್ತದೆ. ಆದ್ದರಿಂದ ನೋಟ್ ಹಾಕುವ ಮುಂಚೆ ಒಂದು ಫೋನ್ ಮಾಡಿ: ‘ಅಣ್ಣಾ, ಏಳು ಸಾವಿರದ ಕ್ರೆಡಿಟ್ ನೋಟ್ ಬರ್ತದೆ, ಆಕ್ಸೆಪ್ಟ್ ಮಾಡ್ರಿ. ದುಡ್ಡು ನಿಮ್ಮ ಲೆಕ್ಕಕ್ಕೆ ಹಾಕ್ತೀನಿ.’

ಜಿಎಸ್‌ಟಿ ನಂಬರ್ ಇಲ್ಲದ ಗಿರಾಕಿಯಾದರೆ ಹೆಚ್ಚುವರಿ ಹಣ ಅವರಿಗೆ ವಾಪಸ್ ಕೊಟ್ಟ ದಾಖಲೆ ಇಟ್ಟುಕೊಳ್ಳಬೇಕು. ಹಣ ನಿಮ್ಮಲ್ಲೇ ಉಳಿಸಿಕೊಂಡು ತೆರಿಗೆಯನ್ನೂ ಇಳಿಸಿಕೊಳ್ಳಲು ಬರುವುದಿಲ್ಲ.

ತಪ್ಪು ಉಲ್ಟಾ ಆಗಿದ್ದರೆ, ಅಂದರೆ ಶೇ 18ರ ಜಾಗದಲ್ಲಿ ಶೇ 5 ಹಾಕಿದ್ದರೆ, ಡೆಬಿಟ್ ನೋಟ್ ಕೊಡಬೇಕು. ಕಡಿಮೆ ಬಿದ್ದ ತೆರಿಗೆಯ ಜೊತೆ ವರ್ಷಕ್ಕೆ ಶೇ 18ರಂತೆ ಬಡ್ಡಿಯೂ ಸೇರುತ್ತದೆ. ತೆರಿಗೆಯನ್ನು ಗಿರಾಕಿಯಿಂದ ಕೇಳಬಹುದು. ಬಡ್ಡಿ ಮಾತ್ರ ಸಾಮಾನ್ಯವಾಗಿ ಮಾರಿದವರ ಕೈಯಿಂದಲೇ ಹೋಗುತ್ತದೆ.

ನಂಬರ್ ತಪ್ಪಿದಾಗ

ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಕೊನೆಯದು ತಾಳೆ ನೋಡಲೆಂದೇ ಇರುವುದು. ಒಂದು ಅಂಕಿ ತಪ್ಪು ಒತ್ತಿದರೆ ಪೋರ್ಟಲ್ ಅಲ್ಲೇ ತಡೆಯುತ್ತದೆ. ಹಾಗಾಗಿ ರಿಟರ್ನ್‌ವರೆಗೆ ಹೋಗುವ ತಪ್ಪು ನಂಬರ್ ಸಾಮಾನ್ಯವಾಗಿ ಟೈಪಿಂಗ್ ತಪ್ಪಲ್ಲ. ಅದು ಇನ್ಯಾರದೋ ನಿಜವಾದ ನಂಬರ್. ಪಟ್ಟಿಯಲ್ಲಿ ಒಂದರ ಕೆಳಗೊಂದು ಇದ್ದ ಹೆಸರುಗಳಲ್ಲಿ ಕೈತಪ್ಪಿ ಆರಿಸಿದ್ದು.

ಇದಕ್ಕೆ ಕ್ರೆಡಿಟ್ ನೋಟ್ ಬೇಕಿಲ್ಲ, ಯಾಕೆಂದರೆ ತೆರಿಗೆ ಮೊತ್ತ ಸರಿಯಾಗಿದೆ. ಅದೇ ತಿಂಗಳು ತಿದ್ದಲು ಬಳಸುವ ಜಿಎಸ್‌ಟಿಆರ್-1ಎ ಕೂಡ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಖರೀದಿದಾರರ ನಂಬರ್ ಬದಲಿಸಲಾಗದು. ಮುಂದಿನ ತಿಂಗಳ ಜಿಎಸ್‌ಟಿಆರ್-1 ತೆರೆದು `9A - Amended B2B Invoices` ಒತ್ತಿ. ಹಣಕಾಸು ವರ್ಷ ಆರಿಸಿ, ಹಳೆಯ ಬಿಲ್ ನಂಬರ್ ಕೊಟ್ಟರೆ ವಿವರ ತೆರೆದುಕೊಳ್ಳುತ್ತದೆ. ಅಲ್ಲಿ ಸರಿಯಾದ ಜಿಎಸ್‌ಟಿ ನಂಬರ್ ಹಾಕಿ. ಕೆಳಗೆ ಬರುವ ಹೆಸರನ್ನು ಈ ಸಲ ಕಣ್ಣಿಟ್ಟು ಓದಿ, ಆಮೇಲೆ ಸೇವ್ ಮಾಡಿ. ತೆರಿಗೆಯಲ್ಲಿ ವ್ಯತ್ಯಾಸ ಸೊನ್ನೆ ಬರಬೇಕು. ತಿದ್ದಿದ ಬಿಲ್ಲನ್ನು ಸರಿಯಾದ ಪಾರ್ಟಿಗೆ ಕೊಡಿ. ತಿದ್ದಿದ ರಿಟರ್ನ್‌ನ ತಿಂಗಳಲ್ಲಿ ಅವರಿಗೆ ಇನ್‌ಪುಟ್ ಕ್ರೆಡಿಟ್ ಕಾಣಿಸುತ್ತದೆ. ತಪ್ಪಾಗಿ ಬಿಲ್ ಹೋದವರಿಗೂ ತಿಳಿಸಿ. ಅವರು ಐಎಂಎಸ್‌ನಲ್ಲಿ ರಿಜೆಕ್ಟ್ ಮಾಡಬೇಕು, ಕ್ರೆಡಿಟ್ ತೆಗೆದುಕೊಂಡಿದ್ದರೆ ವಾಪಸ್ ಮಾಡಬೇಕು.

ಒಂದು ಕಡೆ ಮಾತ್ರ ಇದು ಜಟಿಲ. ಒಂದೇ ಕಂಪನಿಗೆ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ನಂಬರ್ ಇರುತ್ತದೆ. ನಡುವಿನ ಪ್ಯಾನ್ ಒಂದೇ, ಶುರುವಿನ ಎರಡು ಅಂಕಿ ಬೇರೆ: ನಮ್ಮದು 29, ಅವರದು 27. ಮಾಲು ಬೆಳಗಾವಿ ಶಾಖೆಗೆ ಹೋಗಿ, ಬಿಲ್ 27ರ ನಂಬರಿಗೆ ಐಜಿಎಸ್‌ಟಿ ಹಾಕಿ ಆಗಿದ್ದರೆ, ತೆರಿಗೆಯ ಬಗೆಯೇ ತಪ್ಪಿದೆ. ಆಗ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹೊಸದಾಗಿ ಕಟ್ಟಿ, ಹಾಗೆ ಕಟ್ಟಿದ ದಿನದಿಂದ ಎರಡು ವರ್ಷದೊಳಗೆ ಐಜಿಎಸ್‌ಟಿಯ ರಿಫಂಡ್ ಕೇಳಬೇಕು. ಬಡ್ಡಿ ಬೀಳುವುದಿಲ್ಲ, ಆದರೆ ಎರಡೂ ಕಡೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನು ಆಡಿಟರ್ ಕೈಗೆ ಕೊಡುವುದೇ ಒಳ್ಳೆಯದು.

ಗಡುವು

ಕ್ರೆಡಿಟ್ ನೋಟ್ ತೋರಿಸಲಿಕ್ಕೂ 9ಎ ತಿದ್ದುಪಡಿಗೂ ಕೊನೆಯ ದಿನ ಒಂದೇ: ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು. 2025-26ರ ಬಿಲ್ಲುಗಳಿಗೆ ಇದು 2026ರ ನವೆಂಬರ್ 30. ಅದಕ್ಕೂ ಮುಂಚೆ ವಾರ್ಷಿಕ ರಿಟರ್ನ್ ಸಲ್ಲಿಸಲು ಹೊರಟವರು ಪಾರ್ಟಿಗಳಿಗೆಲ್ಲ ‘ನಮ್ಮ ಬಿಲ್ ನಿಮ್ಮ ಇನ್‌ಪುಟ್ ಕ್ರೆಡಿಟ್ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಸರಿ ಬಂದಿದೆಯಾ’ ಎಂದು ಕೇಳಿ, ಉತ್ತರ ಬಂದ ಮೇಲೆ ಸಲ್ಲಿಸಲಿ.