ಮುಟ್ಟು ತಪ್ಪಿದ ಮೇಲೆ: ಯಾವ ಹಾರ್ಮೋನ್ ಯಾವಾಗ ಏರುತ್ತದೆ, ಲೆಕ್ಕ ಹಾಕುವುದು ಹೇಗೆ?

ಎದೆ ಮುಟ್ಟಿದರೆ ನೋವು. ಕೂತಲ್ಲೇ ತೂಕಡಿಕೆ. ಆದರೆ ವಾಕರಿಕೆ ಮಾತ್ರ ಇಲ್ಲ. ಟೆಸ್ಟ್‌ನಲ್ಲಿ ಎರಡು ಗೆರೆ ಬಂದಿದೆ, ಆದರೂ ಏನೋ ಸರಿಯಿಲ್ಲ ಅಂತ ಗಾಬರಿ. ಕ್ಯಾಲೆಂಡರ್ ತೆರೆದು ನೋಡಿದರೆ ಈ ಗಾಬರಿ ಅರ್ಧ ಇಳಿಯುತ್ತದೆ. ಒಂದೊಂದು ಲಕ್ಷಣಕ್ಕೂ ಅದರದೇ ಸಮಯ ಇದೆ.

ಮೊದಲು ದಿನ ಎಣಿಸಿ

ಬಸುರಿನ ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಒಬ್ಬಾಕೆಗೆ ಜೂನ್ 1ಕ್ಕೆ ಮುಟ್ಟಾಯಿತು, 28 ದಿನದ ಚಕ್ರ ಅಂದುಕೊಳ್ಳಿ. ಜೂನ್ 14ರ ಹೊತ್ತಿಗೆ ಅಂಡಾಣು ಹೊರಬರುತ್ತದೆ. ಬಸುರು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವುದು ಜೂನ್ 23ರ ಆಸುಪಾಸು. ಮುಂದಿನ ಮುಟ್ಟು ಬರಬೇಕಾದದ್ದು ಜೂನ್ 29ಕ್ಕೆ. ಚಕ್ರ ಉದ್ದವಿದ್ದರೆ ಇದೆಲ್ಲ ಅಷ್ಟೇ ದಿನ ಮುಂದಕ್ಕೆ ಹೋಗುತ್ತದೆ.

ಪ್ರೊಜೆಸ್ಟರಾನ್: ಬಸುರಿಗಿಂತ ಮೊದಲೇ ಬಂದಿರುತ್ತದೆ

ಹೆಚ್ಚಿನವರು ಎಡವುವುದು ಇಲ್ಲೇ. ಅಂಡಾಣು ಹೊರಬಿದ್ದ ಜಾಗದಲ್ಲಿ, ಅಂಡಾಶಯದ ಮೇಲೆ ಒಂದು ಹಳದಿ ಗಂಟು ಉಳಿಯುತ್ತದೆ. ಇದಕ್ಕೆ ಕಾರ್ಪಸ್ ಲೂಟಿಯಂ ಅಂತ ಹೆಸರು. ಬಸುರಾಗಲಿ, ಆಗದಿರಲಿ, ಅದು ಪ್ರೊಜೆಸ್ಟರಾನ್ ತಯಾರಿಸುತ್ತದೆ. ಹಾಗಾಗಿ ಜೂನ್ 25ಕ್ಕೆ ಎದೆ ನೋವು, ಸುಸ್ತು ಕಂಡರೆ ಅದರಿಂದ ಏನೂ ಹೇಳಲಾಗದು. ಮುಟ್ಟಿನ ಮುಂಚಿನ ಲಕ್ಷಣವೂ ಅದೇ ಅಲ್ವಾ?

ಬಸುರಿಲ್ಲದಿದ್ದರೆ ಈ ಗಂಟು ಸುಮಾರು 14 ದಿನಕ್ಕೆ ಬಾಡುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಮುಟ್ಟಾಗುತ್ತದೆ. ಬಸುರಿದ್ದರೆ ಅದು ಬಾಡುವುದಿಲ್ಲ. ಪ್ರೊಜೆಸ್ಟರಾನ್ ಗರ್ಭಕೋಶದ ಸ್ನಾಯುವನ್ನು ಸಡಿಲವಾಗಿಡುತ್ತದೆ. ಆದರೆ ಅದಕ್ಕೆ ಗರ್ಭಕೋಶ ಯಾವುದು, ಕರುಳು ಯಾವುದು ಅನ್ನುವ ಭೇದವಿಲ್ಲ. ಕರುಳೂ ನಿಧಾನವಾಗುತ್ತದೆ. ಹೊಟ್ಟೆಯುಬ್ಬರ, ಮಲಬದ್ಧತೆ ಅದರಿಂದಲೇ. ಜಠರದ ಬಾಯಿಯ ಬಿಗಿ ಸಡಿಲವಾಗಿ ಎದೆಯುರಿ ಬರುತ್ತದೆ. ಇದೇ ಹಾರ್ಮೋನ್ ಒಡೆದಾಗ ಆಗುವ ಒಂದು ವಸ್ತು ಮಿದುಳಿಗೆ ಮಂಪರು ತರುತ್ತದೆ. ಮಧ್ಯಾಹ್ನ ಕಣ್ಣೆಳೆಯುವುದು ಸೋಮಾರಿತನವಲ್ಲ.

ಎಚ್‌ಸಿಜಿ: ಗಂಟನ್ನು ಉಳಿಸುವ ಸಂದೇಶ

ಗೋಡೆಗೆ ಅಂಟಿದ ಮೇಲೆ, ಮುಂದೆ ಮಾಸು ಆಗುವ ಜೀವಕೋಶಗಳು ಎಚ್‌ಸಿಜಿ ಎಂಬ ಹಾರ್ಮೋನ್ ಬಿಡುತ್ತವೆ. ‘ಬಾಡಬೇಡ, ಕೆಲಸ ಮುಂದುವರಿಸು’ ಅಂತ ಆ ಹಳದಿ ಗಂಟಿಗೆ ಹೇಳುವುದು ಇದೇ. ಮನೆಯ ಟೆಸ್ಟ್ ಪಟ್ಟಿ ಹಿಡಿಯುವುದೂ ಇದನ್ನೇ. ಸಾಮಾನ್ಯ ಪಟ್ಟಿಗೆ ಮಿಲಿಲೀಟರ್ ಮೂತ್ರದಲ್ಲಿ ಸುಮಾರು 25 ಮಿಲಿಯೂನಿಟ್ ಬೇಕು. ಜೂನ್ 25ಕ್ಕೆ ಸಿಗದ ಗೆರೆ ಜೂನ್ 29ಕ್ಕೆ ಸಿಗಬಹುದು. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಬಂಜೆತನದ ಚಿಕಿತ್ಸೆಗೆ ಎಚ್‌ಸಿಜಿ ಇಂಜೆಕ್ಷನ್ ತಗೊಂಡಿದ್ದರೆ ಹುಷಾರು: ಔಷಧಿಯೇ ಗೆರೆ ತೋರಿಸಬಹುದು.

ಇದು ಎಷ್ಟಿದೆ ಅನ್ನುವುದಕ್ಕಿಂತ ಹೇಗೆ ಏರುತ್ತಿದೆ ಅನ್ನುವುದು ಮುಖ್ಯ. ನಮ್ಮ ಲೆಕ್ಕದಾಕೆಗೆ ಜೂನ್ 29ಕ್ಕೆ ರಕ್ತದಲ್ಲಿ 90, ಜುಲೈ 1ಕ್ಕೆ 200 ಬಂದರೆ ಏರಿಕೆ ಚೆನ್ನಾಗಿದೆ. ದುಪ್ಪಟ್ಟಾಗಲೇಬೇಕು ಅಂತೇನಿಲ್ಲ. ಇಷ್ಟು ಕಡಿಮೆ ಮಟ್ಟದಲ್ಲಿ 48 ಗಂಟೆಗೆ ಅರ್ಧದಷ್ಟು, ಅಂದರೆ 135ರ ಹತ್ತಿರ ಏರಿದರೂ ಸಹಜವಿರಬಹುದು. 90 ಹೋಗಿ 100 ಆದರೆ ವೈದ್ಯರು ಮತ್ತೆ ರಕ್ತ ನೋಡುತ್ತಾರೆ, ಸ್ಕ್ಯಾನ್ ಹೇಳುತ್ತಾರೆ. ಬಸುರು ಉಳಿಯದೇ ಇರಬಹುದು, ಇಲ್ಲವೇ ಅಂಡನಾಳದಲ್ಲಿ ಕೂತಿರಬಹುದು. ಬೇರೊಬ್ಬರ ನಂಬರ್ ಜೊತೆ ಹೋಲಿಸುವುದು ಸುಮ್ನೆ ತಲೆನೋವು.

ಈಸ್ಟ್ರೋಜನ್ ಮತ್ತು ವಾಕರಿಕೆ

ಈಸ್ಟ್ರೋಜನ್ ಗದ್ದಲವಿಲ್ಲದೆ ಏರುತ್ತಾ ಹೋಗುತ್ತದೆ. ಎದೆಯ ಹಾಲಿನ ನಾಳಗಳು ಬೆಳೆಯುವುದು, ಬಿಳಿ ಸ್ರಾವ ಜಾಸ್ತಿಯಾಗುವುದು ಇದರ ಕೆಲಸ.

ವಾಕರಿಕೆ ಸಾಮಾನ್ಯವಾಗಿ ಆರನೇ ವಾರದ ಸುಮಾರಿಗೆ, ಅಂದರೆ ಈಕೆಗೆ ಜುಲೈ 13ರ ಆಚೀಚೆ ಶುರು. ಒಂಬತ್ತನೇ ವಾರಕ್ಕೆ, ಆಗಸ್ಟ್ 3ರ ಹೊತ್ತಿಗೆ ಜೋರು. ಎಚ್‌ಸಿಜಿ ತುದಿ ಮುಟ್ಟುವುದೂ ಎಂಟರಿಂದ ಹನ್ನೊಂದನೇ ವಾರದ ಒಳಗೆ. ಹಾಗಾಗಿ ಬಹಳ ಕಾಲ ತಪ್ಪೆಲ್ಲ ಅದರ ತಲೆಗೇ ಬಿತ್ತು. ಈಸ್ಟ್ರೋಜನ್ ಮೇಲೂ ಅನುಮಾನವಿತ್ತು. 2023ರಲ್ಲಿ ಬಂದ ಸಂಶೋಧನೆಯೊಂದು ಜಿಡಿಎಫ್15 ಎಂಬ ಇನ್ನೊಂದು ಹಾರ್ಮೋನ್ ಕಡೆ ಬಲವಾಗಿ ಬೆರಳು ತೋರಿಸಿತು. ಇದೂ ಮಾಸಿನಿಂದ ಬರುವುದೇ. ಬಸುರಿಗೆ ಮುಂಚೆ ಇದರ ಅಭ್ಯಾಸ ಕಡಿಮೆ ಇದ್ದವರಿಗೆ ವಾಂತಿ ಹೆಚ್ಚು.

ಲಕ್ಷಣ ಇಳಿದಾಗ

ಏಳರಿಂದ ಒಂಬತ್ತನೇ ವಾರದಲ್ಲಿ ಪ್ರೊಜೆಸ್ಟರಾನ್ ಕೆಲಸವನ್ನು ಮಾಸು ವಹಿಸಿಕೊಳ್ಳುತ್ತದೆ. ಆಮೇಲೆ ಎಚ್‌ಸಿಜಿ ಇಳಿಯುತ್ತದೆ, ಆದರೆ ಪ್ರೊಜೆಸ್ಟರಾನ್, ಈಸ್ಟ್ರೋಜನ್ ಏರುತ್ತಲೇ ಇರುತ್ತವೆ. ಆಗಸ್ಟ್ 24ರ ಹೊತ್ತಿಗೆ, ಹನ್ನೆರಡು ವಾರ ತುಂಬಿದಾಗ, ಅನೇಕರಿಗೆ ವಾಕರಿಕೆ ತಗ್ಗುತ್ತಾ ಬರುತ್ತದೆ. ಎದೆಯುರಿ, ಮಲಬದ್ಧತೆ ಮಾತ್ರ ಬಿಡದೆ ಕಾಡುವುದು ಪ್ರೊಜೆಸ್ಟರಾನ್ ಇಳಿಯದೇ ಇರುವುದಕ್ಕೇ.

ಆದರೆ ಕೆಲವಕ್ಕೆ ಈ ಕ್ಯಾಲೆಂಡರ್ ನೋಡುತ್ತಾ ಕೂರಬಾರದು. ಹೊಟ್ಟೆಯ ಒಂದೇ ಕಡೆ ಜೋರು ನೋವು, ರಕ್ತಸ್ರಾವ, ತಲೆಸುತ್ತಿ ಬೀಳುವುದು, ಭುಜದ ತುದಿಯಲ್ಲಿ ನೋವು: ಇವು ಅಂಡನಾಳದ ಬಸುರಿನ ಸೂಚನೆ ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಒಂದು ಗುಟುಕು ನೀರೂ ನಿಲ್ಲದಷ್ಟು ವಾಂತಿಯಾಗಿ, ಮೂತ್ರ ಕಡುಬಣ್ಣಕ್ಕೆ ತಿರುಗಿದರೂ ಅಷ್ಟೇ.