ಕೆ-ಸೆಟ್ ಪತ್ರಿಕೆ-1: ಎಲ್ಲ ಘಟಕಕ್ಕೂ ಹತ್ತೇ ಅಂಕ, ಓದುವ ಗಂಟೆ ಮಾತ್ರ ಬೇರೆ ಬೇರೆ

ಸಹಾಯಕ ಪ್ರಾಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ನ ಮೊದಲ ಪತ್ರಿಕೆಯಲ್ಲಿ 10 ಘಟಕಗಳಿವೆ. ಪಠ್ಯಕ್ರಮದ ಪ್ರಕಾರ ಪ್ರತಿ ಘಟಕದಿಂದ 2 ಅಂಕದ 5 ಪ್ರಶ್ನೆ, ಒಟ್ಟು 100 ಅಂಕ. ಇದನ್ನು ನೋಡಿ ಹಲವರು ಸಮಯವನ್ನೂ ಹತ್ತು ಸಮಪಾಲು ಮಾಡುತ್ತಾರೆ. ಎಡವುವುದು ಅಲ್ಲೇ. ಒಂದು ಘಟಕದಿಂದ ಹೆಚ್ಚೆಂದರೆ ಎಷ್ಟು ಅಂಕ ಬರಬಹುದು ಎಂಬುದನ್ನಷ್ಟೇ ವೇಯ್ಟೇಜ್ ಹೇಳುತ್ತದೆ. ನಿಮಗೆ ಇನ್ನೆಷ್ಟು ಬಾಕಿಯಿದೆ ಎಂಬುದನ್ನು ನೀವೇ ಅಳೆಯಬೇಕು.

ಮೊದಲು ಎರಡು ಪತ್ರಿಕೆಗಳ ನಡುವೆ ಸಮಯ ಹಂಚಿ. ಎರಡನೆಯದು 200 ಅಂಕದ್ದು. ಕೈಯಲ್ಲಿ 180 ಗಂಟೆಯಿದ್ದರೆ ಅದಕ್ಕೆ 120, ಮೊದಲನೆಯದಕ್ಕೆ 60.

ಈಗ ಮೊದಲ ಪತ್ರಿಕೆಯ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಎರಡನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಪ್ರತಿ ಪ್ರಶ್ನೆಯ ಪಕ್ಕ ಘಟಕದ ಸಂಖ್ಯೆ ಬರೆಯಿರಿ. ಕಾರಣ ವಿವರಿಸಬಲ್ಲ ಉತ್ತರವನ್ನು ಮಾತ್ರ ಸರಿ ಎಂದು ಎಣಿಸಿ. ಋಣಾತ್ಮಕ ಅಂಕ ಇಲ್ಲದ್ದರಿಂದ ಪರೀಕ್ಷೆಯಲ್ಲಿ ಊಹಿಸಿ ಗುರುತು ಹಾಕುವುದು ಸರಿಯೇ. ಆದರೆ ನಾಲ್ಕು ಆಯ್ಕೆಗಳಿರುವಾಗ ಊಹೆಯಿಂದಲೇ ಘಟಕದ ಐದು ಪ್ರಶ್ನೆಗಳಲ್ಲಿ ಒಂದು ಸರಿಯಾಗಿಬಿಡಬಹುದು. ಅದನ್ನೂ ಸೇರಿಸಿಕೊಂಡರೆ ನಿಜವಾದ ಕೊರತೆ ಮುಚ್ಚಿಹೋಗುತ್ತದೆ.

ಒಂದೊಂದು ಘಟಕದಲ್ಲೂ ಎರಡು ಹಳೆಯ ಪತ್ರಿಕೆಗಳ ಸರಿ ಉತ್ತರಗಳ ಸರಾಸರಿ ತೆಗೆದು 5ರಿಂದ ಕಳೆಯಿರಿ. ಬಂದದ್ದೇ ಆ ಘಟಕದ ಕೊರತೆ. ಒಬ್ಬ ಅಭ್ಯರ್ಥಿಗೆ ಗದ್ಯಾಂಶದಲ್ಲಿ 1, ದತ್ತಾಂಶ ವಿಶ್ಲೇಷಣೆಯಲ್ಲಿ 3, ತರ್ಕದಲ್ಲಿ 4, ಹತ್ತೂ ಘಟಕ ಸೇರಿ 20 ಪ್ರಶ್ನೆಗಳ ಕೊರತೆ ಇದೆ ಎನ್ನೋಣ. ಗೊತ್ತಿರುವುದು ಮರೆಯದಂತೆ ಪ್ರತಿ ಘಟಕಕ್ಕೂ 2 ಗಂಟೆ ತೆಗೆದಿಟ್ಟರೆ 20 ಗಂಟೆ ಆಯಿತು. ಉಳಿದ 40 ಗಂಟೆಯನ್ನು ಕೊರತೆಗೆ ಹಂಚಿದರೆ ಪ್ರಶ್ನೆಗೆ 2 ಗಂಟೆ. ಅಲ್ಲಿಗೆ ಗದ್ಯಾಂಶಕ್ಕೆ 4, ದತ್ತಾಂಶಕ್ಕೆ 8, ತರ್ಕಕ್ಕೆ 10 ಗಂಟೆ.

ಈ ಲೆಕ್ಕವನ್ನು ಹಾಗೆಯೇ ಪಾಲಿಸಬೇಡಿ, ಸ್ವಲ್ಪ ತಿದ್ದಬೇಕು. ತರ್ಕದ ಘಟಕದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ ಮುಂತಾದ ಪ್ರಮಾಣಗಳು, ವ್ಯಾಪ್ತಿ, ಹೇತ್ವಾಭಾಸಗಳು ಬರುತ್ತವೆ. ಈ ಭಾಗ ಚಿಕ್ಕದು, ಒಮ್ಮೆ ಅರ್ಥವಾದರೆ ಬೇಗ ಅಂಕ ತರುತ್ತದೆ. ಮೊದಲು ಇದನ್ನೇ ಮುಗಿಸಿ. ದತ್ತಾಂಶದ ಕಥೆ ಬೇರೆ. ಐದೂ ಪ್ರಶ್ನೆ ಸಾಮಾನ್ಯವಾಗಿ ಒಂದೇ ಕೋಷ್ಟಕದ ಮೇಲಿರುತ್ತವೆ. ಕೋಷ್ಟಕದ ಸಂಖ್ಯೆಗಳು ಸಾವಿರದಲ್ಲಿವೆಯೋ ಶೇಕಡಾವಾರಿನಲ್ಲಿವೆಯೋ ಎಂದು ತಪ್ಪು ಓದಿದರೆ ಐದೂ ಕೈತಪ್ಪಬಹುದು. ಶೇಕಡಾವಾರು, ಅನುಪಾತಗಳು ಗಣಿತದ ಘಟಕದಲ್ಲೇ ಇರುವುದರಿಂದ ಅದಾದ ಮೇಲೆ ಇದನ್ನು ಹಿಡಿದರೆ ಎಂಟರಲ್ಲಿ ಒಂದೆರಡು ಗಂಟೆ ಉಳಿಯುತ್ತದೆ.

30 ಗಂಟೆ ಮುಗಿದಾಗ ಮೂರನೆಯ ಹಳೆಯ ಪತ್ರಿಕೆ ಬಿಡಿಸಿ ಮತ್ತೆ ಎಣಿಸಿ. ನಿಗದಿತ ಗಂಟೆ ಕಳೆದರೂ ಒಂದು ಘಟಕದ ಕೊರತೆ ಇಳಿಯದಿದ್ದರೆ ಇನ್ನಷ್ಟು ಗಂಟೆ ಸುರಿಯಬೇಡಿ. ತಪ್ಪಿದ ಪ್ರಶ್ನೆಗಳನ್ನೇ ನೋಡಿ: ವಿಷಯ ಗೊತ್ತಿರಲಿಲ್ಲವೋ, ಸಮಯ ಸಾಲಲಿಲ್ಲವೋ? ಸಮಯ ಸಾಲದ್ದಕ್ಕೆ ಮದ್ದು ಪುಸ್ತಕವಲ್ಲ, ಗಡಿಯಾರದ ಮುಂದೆ ಬಿಡಿಸುವ ಅಭ್ಯಾಸ.