ಏಳು ಪತ್ರಗಳು ಕಾದಿವೆ ಎಂದ ಸುಳ್ಳು ಮೇಲ್

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ವಿಜ್ಞಾನ ಬೋಧಿಸುತ್ತೇನೆ. ಬೇರೆ ಯಾರೂ ಒಪ್ಪದ ಕಾರಣ ಕಾಲೇಜಿನ ಇಮೇಲ್ ವ್ಯವಸ್ಥೆಯ ಉಸ್ತುವಾರಿಯೂ ಕೆಲವು ವರ್ಷಗಳಿಂದ ನನ್ನ ಹೆಗಲ ಮೇಲಿದೆ. ಪ್ರವೇಶಾತಿಯ ಗಡಿಬಿಡಿಯಲ್ಲಿದ್ದ ಒಂದು ಸೋಮವಾರ ಬೆಳಿಗ್ಗೆ ಪಕ್ಕದ ಊರಿನ ಕಾಲೇಜಿನಿಂದ ದೂರವಾಣಿ ಕರೆ ಬಂತು. “ಸರ್, ನಿಮ್ಮ ಆಫೀಸಿನ ವಿಳಾಸದಿಂದ ಒಂದು ಮೇಲ್ ಬಂದಿದೆ. ನಮ್ಮ ಖಾತೆ ಬಂದ್ ಆಗುತ್ತದಂತೆ. ಅದನ್ನು ನೀವು ಯಾಕೆ ಹೇಳುತ್ತಿದ್ದೀರಿ?” ಎಂದು ಅಲ್ಲಿನ ಗುಮಾಸ್ತರು ಕೇಳಿದರು. ನಮ್ಮ ಕಚೇರಿಯ ಖಾತೆ ಕಳ್ಳರ ಕೈಗೆ ಹೋಗಿದೆ ಎಂಬುದು ನನಗೆ ತಿಳಿದದ್ದು ಹೀಗೆ, ಹೊರಗಿನವರ ಬಾಯಿಂದ.

ಕಚೇರಿ ಅಧೀಕ್ಷಕರನ್ನು ವಿಚಾರಿಸಿದೆ. ಅವರು ಸ್ವಲ್ಪ ಯೋಚಿಸಿ, “ಹೌದು ಸರ್, ಶುಕ್ರವಾರ ಸಾಯಂಕಾಲ ಮೇಲ್ ಸಪೋರ್ಟ್‌ನವರಿಂದ ಒಂದು ಸೂಚನೆ ಬಂದಿತ್ತು. ಇಪ್ಪತ್ನಾಲ್ಕು ಗಂಟೆಯೊಳಗೆ ದೃಢೀಕರಿಸದಿದ್ದರೆ ಖಾತೆ ಮುಚ್ಚುತ್ತೇವೆ ಎಂದಿತ್ತು. ಪಾಸ್‌ವರ್ಡ್ ಕೊಟ್ಟೆ, ಮೊದಲ ಸಲ ತಪ್ಪು ಅಂತ ಬಂತು, ಎರಡನೇ ಸಲ ಸರಿಯಾಯಿತು, ಇನ್‌ಬಾಕ್ಸ್ ತೆರೆದುಕೊಂಡಿತು. ಅದಕ್ಕೇ ನಿಮಗೆ ಹೇಳಲಿಲ್ಲ” ಎಂದರು. ಅವರು ಮೂವತ್ತು ವರ್ಷ ಕಡತ ನೋಡಿದವರು. ಖೊಟ್ಟಿ ಅಂಕಪಟ್ಟಿಯನ್ನು ಕಾಗದ ಮುಟ್ಟಿಯೇ ಗುರುತಿಸುವವರು. ಅಂಥವರೂ ಯಾಕೆ ನಂಬಿದರು ಎಂಬುದನ್ನು ತಿಳಿಯಲು ಆ ಸೂಚನೆಯನ್ನೇ ಬಿಡಿಸಿ ನೋಡಬೇಕಾಯಿತು.

ಮೊದಲು ಅದರ ಒಕ್ಕಣೆ. ಇಂಥ ಮೇಲ್‌ಗಳಲ್ಲಿ ಕಾಗುಣಿತದ ತಪ್ಪು ಇರುತ್ತದೆ ಎಂದು ನಾನೇ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಇದರಲ್ಲಿ ಒಂದೂ ತಪ್ಪಿರಲಿಲ್ಲ, ಆ ಪಾಠವನ್ನು ಅಂದಿನಿಂದ ಕೈಬಿಟ್ಟಿದ್ದೇನೆ. ಖಾತೆ ಮುಚ್ಚುವ ಬೆದರಿಕೆಯ ಕೆಳಗೆ ಇನ್ನೊಂದು ಸಾಲಿತ್ತು: “ನಿಮಗೆ ಬಂದಿರುವ 7 ಪತ್ರಗಳನ್ನು ತಡೆಹಿಡಿಯಲಾಗಿದೆ.” ಅಧೀಕ್ಷಕರು ಬಿದ್ದದ್ದು ಬೆದರಿಕೆಗಿಂತ ಹೆಚ್ಚಾಗಿ ಈ ಏಳಕ್ಕೆ. ಪ್ರವೇಶದ ಅರ್ಜಿಗಳೆಲ್ಲ ಆ ವಿಳಾಸಕ್ಕೇ ಬರುತ್ತಿದ್ದ ಕಾಲವದು; ಯಾವ ಮಗುವಿನ ಅರ್ಜಿ ಸಿಕ್ಕಿಹಾಕಿಕೊಂಡಿದೆಯೋ ಎಂಬ ಕಳವಳದಲ್ಲಿ ಗುಂಡಿ ಒತ್ತಿದರು. ಬೆದರಿಕೆ ಅವಸರವನ್ನಷ್ಟೇ ಹುಟ್ಟಿಸುತ್ತದೆ, ಕೈಯನ್ನು ಲಿಂಕಿನ ಕಡೆಗೆ ಎಳೆಯುವುದು ಇಂಥ ಸಣ್ಣ, ನಂಬಬಹುದಾದ ವಿವರ.

ಆಮೇಲೆ ಮೇಲ್‌ನ ಮೂಲ ರೂಪವನ್ನು ತೆರೆದೆ. ಜಿಮೇಲ್‌ನಲ್ಲಿ ಪತ್ರದ ಮೂರು ಚುಕ್ಕಿಯ ಪಟ್ಟಿಯೊಳಗೆ `Show original` ಎಂದಿರುತ್ತದೆ; ಬೇರೆ ಸೇವೆಗಳಲ್ಲೂ ಇದಕ್ಕೆ ಸಮನಾದ ಆಯ್ಕೆ ಇರುತ್ತದೆ. ಅಲ್ಲಿ ಕಂಡ ಸಾಲುಗಳು ಇವು. ವಿಳಾಸಗಳನ್ನು ಮಾತ್ರ ಬದಲಿಸಿದ್ದೇನೆ.

```
From: "Mail Support Team" <office@someschool.example>
Authentication-Results: spf=pass; dkim=pass; dmarc=pass
```

ಉದ್ಧರಣ ಚಿಹ್ನೆಯೊಳಗಿನ ಹೆಸರು ಕಳಿಸುವವರು ತಮಗೆ ಬೇಕಾದಂತೆ ಬರೆದುಕೊಳ್ಳುವಂಥದ್ದು, ಅದಕ್ಕೆ ಕಿಲುಬು ಕಾಸಿನ ಬೆಲೆಯಿಲ್ಲ. ಮೊಬೈಲ್ ಪರದೆಯಲ್ಲಿ ಆ ಹೆಸರೊಂದೇ ಕಾಣಿಸುವುದರಿಂದ ಹೆಚ್ಚಿನವರು ಮೋಸ ಹೋಗುವುದು ಅಲ್ಲಿಯೇ. ನಿಜವಾದ ವಿಳಾಸ ಕೋನಾವರಣದ ಒಳಗಿನದು, ಅದು ಯಾವುದೋ ಶಾಲೆಯದಾಗಿತ್ತು. ನನ್ನನ್ನು ಗಲಿಬಿಲಿಗೊಳಿಸಿದ್ದು ಎರಡನೆಯ ಸಾಲು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ತಪಾಸಣೆಗಳಲ್ಲೂ ಈ ಮೇಲ್ ತೇರ್ಗಡೆಯಾಗಿತ್ತು. ಪತ್ರದಲ್ಲಿ ನಮೂದಾದ ಡೊಮೇನಿನಿಂದಲೇ ಅದು ಹೊರಟಿದೆಯೇ ಎಂಬುದನ್ನಷ್ಟೇ ಈ ತಪಾಸಣೆಗಳು ಹೇಳುತ್ತವೆ; ಬರೆದವರು ಪ್ರಾಮಾಣಿಕರೇ ಎಂಬುದನ್ನಲ್ಲ. ಈ ಮೇಲ್ ನಿಜವಾಗಿಯೂ ಆ ಶಾಲೆಯ ಖಾತೆಯಿಂದಲೇ ಬಂದಿತ್ತು, ಯಾಕೆಂದರೆ ಆ ಖಾತೆಯೂ ನಮಗಿಂತ ಮೊದಲೇ ಕಳುವಾಗಿತ್ತು. ನಮ್ಮ ಸ್ಪ್ಯಾಮ್ ಜರಡಿ ಅದನ್ನು ಒಳಗೆ ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ತಪಾಸಣೆ ತಪ್ಪಿದ ಮೇಲ್ ಅನುಮಾನಾಸ್ಪದ ಎನ್ನಬಹುದು, ಆದರೆ ತೇರ್ಗಡೆಯಾದದ್ದು ಸಾಚಾ ಎನ್ನಲಾಗದು.

ಹಾಗಾದರೆ ಗುಟ್ಟು ಬಯಲಾಗುವುದೆಲ್ಲಿ? ಲಿಂಕಿನಲ್ಲಿ. ಗುಂಡಿಯನ್ನು ಒತ್ತದೆ, ಮೌಸಿನ ಬಲಗುಂಡಿಯಿಂದ ವಿಳಾಸವನ್ನು ನಕಲು ಮಾಡಿ ಖಾಲಿ ಪುಟದಲ್ಲಿ ಅಂಟಿಸಿದೆ.

```
https://mail.ourcollege.example.account-check.example/v/#b2ZmaWNlQG91cmNvbGxlZ2UuZXhhbXBsZQ==
```

ನಾವು ಓದುವುದು ಎಡದಿಂದ ಬಲಕ್ಕೆ. ಆದ್ದರಿಂದ ಕಣ್ಣಿಗೆ ಮೊದಲು ಬೀಳುವುದು ನಮ್ಮದೇ ಕಾಲೇಜಿನ ವಿಳಾಸ. ಡೊಮೇನಿನ ಒಡೆತನವನ್ನು ತಿಳಿಯಲು ಮಾತ್ರ ಬಲದಿಂದ ಎಡಕ್ಕೆ ಓದಬೇಕು. `https://` ಆದ ಮೇಲೆ ಬರುವ ಮೊದಲ ಓರೆಗೆರೆಯನ್ನು ಹುಡುಕಿ, ಅಲ್ಲಿಂದ ಎರಡು ತುಂಡು ಹಿಂದಕ್ಕೆ ಬಂದರೆ ಸಿಗುವುದು `account-check.example`. ಈ ಜಾಗದ ಯಜಮಾನ ಅದನ್ನು ನೋಂದಾಯಿಸಿದವನು. ಅದರ ಎಡಕ್ಕಿರುವುದೆಲ್ಲ ಅವನು ತನ್ನ ಮನೆಯ ಬಾಗಿಲಿಗೆ ಬರೆದುಕೊಂಡ ಹೆಸರು. ಕೊನೆಯ ತುಂಡು `.ac.in` ಅಥವಾ `.co.in` ಎಂದಿದ್ದರೆ ಇನ್ನೊಂದು ಪದ ಹಿಂದಕ್ಕೆ ಹೋಗಬೇಕಾಗುತ್ತದೆ. ಬೀಗದ ಚಿತ್ರ, `https` ಎಂಬ ಅಕ್ಷರಗಳು ಇಲ್ಲಿ ನೆರವಿಗೆ ಬರುವುದಿಲ್ಲ, ಅವು ಸಂಪರ್ಕ ಗುಪ್ತವಾಗಿದೆ ಎನ್ನುತ್ತವೆಯೇ ಹೊರತು ಆಚೆ ತುದಿಯಲ್ಲಿ ಯಾರಿದ್ದಾರೆಂದು ಹೇಳುವುದಿಲ್ಲ.

ಕೊನೆಯ ಬಾಲವೂ ನೋಡತಕ್ಕದ್ದು. ಅರ್ಥವಿಲ್ಲದ ಅಕ್ಷರಗಳಂತೆ ಕಂಡರೂ ಅದು ಬೇಸ್64 ಎಂಬ ಸರಳ ಲಿಪ್ಯಂತರ.

```
echo 'b2ZmaWNlQG91cmNvbGxlZ2UuZXhhbXBsZQ==' | base64 -d
```

ಎಂದು ಕೊಟ್ಟರೆ `office@ourcollege.example` ಎಂಬ ಉತ್ತರ ಬಂತು. ಪುಟ ತೆರೆದ ಕೂಡಲೇ ಅದರೊಳಗಿನ ಸ್ಕ್ರಿಪ್ಟ್ ಈ ಬಾಲವನ್ನು ಓದಿ, ನಮ್ಮ ವಿಳಾಸವನ್ನು ಮೊದಲೇ ತುಂಬಿ, ವಿಳಾಸದಿಂದ ಕಾಲೇಜಿನ ಲಾಂಛನವನ್ನೂ ಹುಡುಕಿ ತಂದು ತೋರಿಸುತ್ತಿತ್ತು. “ನಮ್ಮ ವಿಳಾಸ ಅದರಲ್ಲೇ ಇತ್ತಲ್ಲ ಸರ್” ಎಂದು ಅಧೀಕ್ಷಕರು ಹೇಳಿದ್ದು ಇದನ್ನೇ. ಅದೇ ಪುಟವನ್ನು ಸಾವಿರ ಸಂಸ್ಥೆಗಳಿಗೆ ಕಳಿಸಿದರೂ ಪ್ರತಿಯೊಬ್ಬರಿಗೂ ತಮ್ಮದೇ ಎನಿಸುತ್ತದೆ.

ಆ ಪುಟದ ಒಳರಚನೆಯನ್ನು ಪ್ರಯೋಗಾಲಯದ ಬೇರೆ ಯಂತ್ರದಲ್ಲಿ, ಯಾವ ಖಾತೆಗೂ ಲಾಗಿನ್ ಆಗದ ಬ್ರೌಸರಿನಲ್ಲಿ ನೋಡಿದೆ. ಇಲ್ಲದ ಹೆಸರು, ಇಲ್ಲದ ಪಾಸ್‌ವರ್ಡ್ ಕೊಟ್ಟಾಗ ಮೊದಲ ಸಲ “ಪಾಸ್‌ವರ್ಡ್ ತಪ್ಪಾಗಿದೆ” ಎಂದಿತು. ಎರಡನೆಯ ಸಲ ಏನು ಕೊಟ್ಟರೂ ನಿಜವಾದ ವೆಬ್‌ಮೇಲ್ ಪುಟಕ್ಕೆ ಕಳಿಸಿತು. ಒಳಗಿದ್ದದ್ದು ಬರೀ ಒಂದು ಎಣಿಕೆ. ಎರಡು ಸಲ ಕೇಳುವುದರಿಂದ ಕಳ್ಳನಿಗೆ ಟೈಪಿಂಗ್ ತಪ್ಪಿಲ್ಲದ ಪಾಸ್‌ವರ್ಡ್ ಸಿಗುತ್ತದೆ, ಜೊತೆಗೆ ಎಷ್ಟೋ ಜನ ಎರಡನೆಯ ಸಲ ತಮ್ಮ ಇನ್ನೊಂದು ಪಾಸ್‌ವರ್ಡನ್ನೂ ಕೊಟ್ಟುಬಿಡುತ್ತಾರೆ. ಅಧೀಕ್ಷಕರ ಬ್ರೌಸರಿನಲ್ಲಿ ನಿಜವಾದ ಮೇಲ್ ಮೊದಲೇ ತೆರೆದಿತ್ತಾದ್ದರಿಂದ ಕೊನೆಯಲ್ಲಿ ಇನ್‌ಬಾಕ್ಸ್ ಕಾಣಿಸಿತು. ಎಲ್ಲ ಸರಿಹೋಯಿತೆಂದು ಅವರಿಗೆ ಅನಿಸಿದ್ದು ಸಹಜವೇ.

ಸುಳ್ಳು ಪಾಸ್‌ವರ್ಡ್ ಕೊಟ್ಟು ಪುಟವನ್ನು ಪರೀಕ್ಷಿಸಿ ಎಂದು ಕೆಲವರು ಹೇಳುವುದುಂಟು. ಈ ಪುಟದ ಮಟ್ಟಿಗೆ ಅದು ಫಲಿಸಿತು, ಎಲ್ಲ ಕಡೆ ಫಲಿಸದು. ಇನ್ನೊಂದು ಬಗೆಯ ಪುಟಗಳು ನಡುವೆ ಕುಳಿತು, ನಾವು ಕೊಟ್ಟದ್ದನ್ನು ಆ ಕ್ಷಣದಲ್ಲೇ ನಿಜವಾದ ಸರ್ವರಿಗೆ ದಾಟಿಸುತ್ತವೆ. ತಪ್ಪು ಪಾಸ್‌ವರ್ಡಿಗೆ ನಿಜವಾದ ನಿರಾಕರಣೆಯೇ ಬರುತ್ತದೆ, ಸರಿಯಾದದ್ದಕ್ಕೆ ನಿಜವಾದ ಒಟಿಪಿಯೇ ಮೊಬೈಲಿಗೆ ಬರುತ್ತದೆ. ಅದನ್ನೂ ಅಲ್ಲೇ ತುಂಬಿದರೆ, ಲಾಗಿನ್ ಆದ ಗುರುತಿಗೆ ಸರ್ವರ್ ಕೊಡುವ ಕುಕಿ ನಡುವಿನವನ ಕೈಸೇರುತ್ತದೆ. ಆಮೇಲೆ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಇಂಥ ಪುಟದ ಮುಂದೆ ಸೋಲದೆ ನಿಲ್ಲುವುದು, ಪಾಸ್‌ವರ್ಡಿನ ಬದಲಿಗೆ ಸಾಧನದಲ್ಲೇ ಉಳಿಸುವ ಡಿಜಿಟಲ್ ಕೀಲಿಯಾದ ಪಾಸ್‌ಕೀ. ಅದು ಯಾವ ಡೊಮೇನಿಗೆ ಸಿದ್ಧವಾಗಿದೆಯೋ ಅಲ್ಲಲ್ಲದೆ ಬೇರೆಡೆ ಕೆಲಸವನ್ನೇ ಮಾಡುವುದಿಲ್ಲ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಕೂಡ ಇದೇ ಕಾರಣಕ್ಕೆ ನಕಲಿ ಪುಟದಲ್ಲಿ ತಾನಾಗಿ ತುಂಬಿಕೊಳ್ಳುವುದಿಲ್ಲ. ದಿನವೂ ತಾನೇ ತುಂಬಿಕೊಳ್ಳುತ್ತಿದ್ದ ಜಾಗ ಒಂದು ದಿನ ಖಾಲಿ ಉಳಿದರೆ ಕೈ ಹಿಂದೆಗೆಯಬೇಕು ಎಂದು ಈಗ ಕಚೇರಿಯ ನಾಲ್ವರಿಗೂ ಹೇಳಿದ್ದೇನೆ. ಶುಕ್ರವಾರವೂ ಅದು ಖಾಲಿಯೇ ಇತ್ತು, ಅಧೀಕ್ಷಕರು ನೆನಪಿನಿಂದ ಟೈಪ್ ಮಾಡಿದ್ದರು.

ಖಾತೆಯನ್ನು ಮರಳಿ ಪಡೆಯುವಾಗ ನಾನೇ ಒಂದು ತಪ್ಪು ಮಾಡಿದೆ. ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿಸಿ, ಮರುಪಡೆಯುವ ಫೋನ್ ಸಂಖ್ಯೆ ನಮ್ಮದೇ ಎಂದು ಖಚಿತಪಡಿಸಿಕೊಂಡು ಕೆಲಸ ಮುಗಿಯಿತೆಂದು ಕುಳಿತೆ. ಮಧ್ಯಾಹ್ನ ಪಕ್ಕದ ಕಾಲೇಜಿನ ಗುಮಾಸ್ತರು ತಮಗೆ ಬಂದ ಮೇಲ್ ಅನ್ನು ನಾನು ಕೇಳಿದಂತೆ ಕಳಿಸಿಕೊಟ್ಟರು, ನಮಗೆ ತಲುಪಲಿಲ್ಲ. ಮತ್ತೆ ಕಳಿಸಿದರು, ಮತ್ತೆ ಇಲ್ಲ. ಆಗ ಸೆಟ್ಟಿಂಗ್ಸ್‌ನಲ್ಲಿ ಬಂದ ಪತ್ರಗಳನ್ನು ತಾನಾಗಿ ವಿಂಗಡಿಸುವ ನಿಯಮಗಳ ಪಟ್ಟಿ ತೆರೆದರೆ ನಾವು ಮಾಡದ ಒಂದು ನಿಯಮ ಅಲ್ಲಿತ್ತು. ಅದರ ಹೆಸರು ಬರೀ ಒಂದು ಚುಕ್ಕಿ, ಪರದೆಯ ಮೇಲೆ ಧೂಳಿನ ಕಣದಂತೆ ಕಾಣುವಂಥದ್ದು. `password`, `support`, `fraud` ಎಂಬ ಪದಗಳಿರುವ ಯಾವ ಪತ್ರ ಬಂದರೂ ಓದಿದ್ದೆಂದು ಗುರುತು ಹಾಕಿ ಅಳಿಸಿದವುಗಳ ಕಡತಕ್ಕೆ ತಳ್ಳು ಎಂದು ಅದು ಹೇಳುತ್ತಿತ್ತು. ನಮ್ಮನ್ನು ಎಚ್ಚರಿಸಲು ಬರೆದವರ ಆರು ಪತ್ರಗಳು ಅಲ್ಲಿ ಬಿದ್ದಿದ್ದವು. ಪಾಸ್‌ವರ್ಡ್ ಬದಲಿಸಿದರೆ ನಿಯಮ ಹೋಗುವುದಿಲ್ಲ. ಬೇರೆ ವಿಳಾಸಕ್ಕೆ ಪ್ರತಿ ಕಳಿಸುವ ಫಾರ್ವರ್ಡಿಂಗ್ ಇದ್ದರೆ ಅದೂ ಹೋಗುವುದಿಲ್ಲ, ಕಳ್ಳ ಲಾಗಿನ್ ಆಗದೆಯೇ ನಮ್ಮ ಪತ್ರಗಳನ್ನು ಓದುತ್ತಿರಬಹುದು. ನಮ್ಮಲ್ಲಿ ಫಾರ್ವರ್ಡಿಂಗ್ ಇರಲಿಲ್ಲ. ನಿಯಮವನ್ನು ಅಳಿಸುವ ಮೊದಲು ಪರದೆಯ ಚಿತ್ರ ತೆಗೆದು, ಮೂಲ ಮೇಲ್ ಅನ್ನು `.eml` ಕಡತವಾಗಿ ಉಳಿಸಿ, ಎರಡನ್ನೂ ಸೇರಿಸಿ `cybercrime.gov.in` ನಲ್ಲಿ ದೂರು ದಾಖಲಿಸಿದೆವು. ಹಣ ಹೋಗಿದ್ದರೆ ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದಾಗಿರುತ್ತಿತ್ತು.

ನಮ್ಮ ಖಾತೆಯಿಂದ ಹೊರಟವುಗಳನ್ನು ಕಳ್ಳ ಕಳುಹಿಸಿದ ಪತ್ರಗಳ ಕಡತದಿಂದಲೂ ಅಳಿಸಿದ್ದ. ಆದ್ದರಿಂದ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಹೋಗಿದೆ ಎಂದೇ ಭಾವಿಸಿ, ಇಬ್ಬರು ಕುಳಿತು ಸಂಜೆಯವರೆಗೆ ಫೋನ್ ಮಾಡಿದೆವು. ಮೇಲ್‌ನಲ್ಲೇ ಎಚ್ಚರಿಸಬಹುದಿತ್ತಲ್ಲ ಎಂದು ಪ್ರಾಂಶುಪಾಲರು ಕೇಳಿದರು. ಮೂರು ದಿನ ಸುಳ್ಳು ಹೇಳಿದ ವಿಳಾಸದಿಂದಲೇ ನಿಜ ಹೇಳಿದರೆ ಯಾರು ನಂಬುತ್ತಾರೆ ಎಂದೆ.

ಕೊನೆಯ ಕರೆ ನಮಗೆ ಆ ಮೇಲ್ ಬಂದಿದ್ದ ಶಾಲೆಗೆ. ಫೋನ್ ಎತ್ತಿದ ಮೇಡಂ, “ನಾವು ಯಾರಿಗೂ ಏನೂ ಕಳಿಸಿಲ್ಲ ಸರ್, ನಮ್ಮ ಮೇಲ್ ಸರಿಯಾಗೇ ಇದೆ, ಯಾರೂ ದೂರಿಲ್ಲ” ಎಂದರು. ನಿಯಮಗಳ ಪಟ್ಟಿ ತೆರೆಯಿರಿ ಎಂದು ದಾರಿ ಹೇಳಿದೆ. ಸ್ವಲ್ಪ ಹೊತ್ತು ಮೌಸಿನ ಸದ್ದು ಕೇಳಿಸಿತು. “ಏನೂ ಇಲ್ಲ ಸರ್, ಖಾಲಿ ಇದೆ” ಎಂದರು. ಮತ್ತೆ ತಡೆದು, “ಇಲ್ಲಿ ಏನೋ ಒಂದು ಚುಕ್ಕಿ ಇದೆ” ಎಂದರು.